ಮೊದಲು ಎಳೆಯುವುದೋ, ತಿರುಗಿಸುವುದೋ?

ಮೂರೈದಲಿ ಹದಿನೈದು, ಐದು ಮೂರಲಿಯೂ ಹದಿನೈದು. ಮಗ್ಗಿ ಕಲಿತವರಿಗೆಲ್ಲ ಗೊತ್ತಿರುವ ಈ ಸಲೀಸು ಮಾತೃಕೆಗಳ ಗುಣಾಕಾರದಲ್ಲಿ ಸಿಗುವುದಿಲ್ಲ. ಅಲ್ಲಿ AB ಮತ್ತು BA ಸಾಮಾನ್ಯವಾಗಿ ಬೇರೆ ಬೇರೆ. ಇದನ್ನು ನಿಯಮವೆಂದು ಬಾಯಿಪಾಠ ಮಾಡಬೇಕಾಗಿಲ್ಲ; ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟರೆ ಕಾರಣ ಕಣ್ಣಿಗೇ ಕಾಣುತ್ತದೆ.

2×2 ಮಾತೃಕೆಯೆಂದರೆ ಬರೀ ನಾಲ್ಕು ಅಂಕಿಗಳ ಚೌಕವಲ್ಲ. ಹಾಳೆಯ ಮೇಲಿನ ಚುಕ್ಕೆಗಳನ್ನು ಒಂದು ಕ್ರಮದಲ್ಲಿ ಸರಿಸುವ ಕೆಲಸ ಅದು. ಈ ಎರಡನ್ನು ನೋಡಿ:

```
D = | 2  0 |     R = | 0  -1 |
    | 0  1 |         | 1   0 |
```

D ಹಾಳೆಯನ್ನು ಅಡ್ಡಕ್ಕೆ ಎರಡು ಪಟ್ಟು ಎಳೆಯುತ್ತದೆ, ಎತ್ತರವನ್ನು ಮುಟ್ಟುವುದಿಲ್ಲ. R ಮೂಲಬಿಂದುವಿನ ಸುತ್ತ 90 ಡಿಗ್ರಿ ಎಡಕ್ಕೆ ತಿರುಗಿಸುತ್ತದೆ.

(1, 0) ಎಂಬ ಚುಕ್ಕೆಯನ್ನು ಮೊದಲು ಎಳೆಯೋಣ: (2, 0) ಆಯಿತು. ಆಮೇಲೆ ತಿರುಗಿಸಿದರೆ (0, 2). ಈಗ ಕ್ರಮ ಬದಲಿಸೋಣ. ಮೊದಲು ತಿರುಗಿಸಿದರೆ ಚುಕ್ಕೆ (0, 1)ಕ್ಕೆ ಹೋಗಿ ಮೂಲಬಿಂದುವಿನ ನೇರ ಮೇಲೆ ನಿಲ್ಲುತ್ತದೆ. ಅಡ್ಡಕ್ಕೆ ಎಳೆಯೋಣವೆಂದರೆ ಅದರ ಅಡ್ಡಳತೆಯೇ ಸೊನ್ನೆ! ಹಾಗಾಗಿ ಅದು (0, 1)ರಲ್ಲೇ ಉಳಿಯಿತು. ಎಳೆಯುವಿಕೆಗೆ ದಿಕ್ಕಿದೆ, ತಿರುಗಿಸುವಿಕೆ ಆ ದಿಕ್ಕನ್ನೇ ಬದಲಿಸುತ್ತದೆ. ಗುಟ್ಟೆಲ್ಲ ಇರುವುದು ಇಲ್ಲಿ.

ಎರಡು ಮಾತೃಕೆಗಳನ್ನು ಗುಣಿಸುವುದೆಂದರೆ ಈ ಕೆಲಸಗಳನ್ನು ಒಂದರ ಹಿಂದೆ ಒಂದು ಮಾಡುವುದು. ಚುಕ್ಕೆಯನ್ನು ಬಲಗಡೆ ಬರೆಯುವುದರಿಂದ RD ಎಂದರೆ ಮೊದಲು D, ನಂತರ R. ಲೆಕ್ಕ ಮಾಡುವಾಗ ಮೊದಲನೆಯದರ ಅಡ್ಡಸಾಲನ್ನು ಎರಡನೆಯದರ ಕಂಬಸಾಲಿನೊಂದಿಗೆ ಜೋಡಿಸಬೇಕು. RDಯ ಕೆಳಗಿನ ಎಡ ಮೂಲೆಗೆ Rನ ಕೆಳಗಿನ ಅಡ್ಡಸಾಲು (1, 0), Dಯ ಮೊದಲ ಕಂಬಸಾಲು (2, 0): 1×2 + 0×0 = 2. DRನಲ್ಲಿ ಅದೇ ಮೂಲೆಗೆ (0, 1) ಮತ್ತು (0, 1) ಜೊತೆಯಾಗುತ್ತವೆ: 0×0 + 1×1 = 1. ಕ್ರಮ ಬದಲಾದಾಗ ಯಾವ ಅಂಕಿ ಯಾವುದರ ಜೊತೆ ಸೇರುತ್ತದೆ ಎಂಬುದೇ ಬದಲಾಗಿಬಿಡುತ್ತದೆ.

```
RD = | 0  -1 |     DR = | 0  -2 |
     | 2   0 |          | 1   0 |
```

ಇದನ್ನು ಮರೆತರೆ ಬೀಜಗಣಿತದ ಹಳೆಯ ಸೂತ್ರಗಳೂ ಕೈಕೊಡುತ್ತವೆ. (A+B)² ಬಿಡಿಸಿದಾಗ ಬರುವುದು A² + AB + BA + B². ನಡುವಿನ ಎರಡನ್ನು ಸೇರಿಸಿ 2AB ಎಂದು ಬರೆದರೆ ಉತ್ತರ ತಪ್ಪು.

ಕ್ರಮ ಬದಲಿಸಿದರೂ ಫಲ ಬದಲಾಗದ ಜೋಡಿಗಳೂ ಉಂಟು. 30 ಡಿಗ್ರಿ ತಿರುಗಿಸಿ ಆಮೇಲೆ 60 ಡಿಗ್ರಿ ತಿರುಗಿಸಿದರೂ, ಮೊದಲು 60 ಆಮೇಲೆ 30 ತಿರುಗಿಸಿದರೂ ಒಟ್ಟು 90. ಹಾಗೆಯೇ, ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸುವ ಕೆಲಸ ತಿರುಗಿಸುವುದರ ಹಿಂದೆ ಬಂದರೂ ಮುಂದೆ ಬಂದರೂ ವ್ಯತ್ಯಾಸವಿಲ್ಲ.

ನಮ್ಮ RD, DR ಬೇರೆಯಾದರೂ ಎರಡರ ನಿರ್ಧಾರಕವೂ 2. ಎಳೆದಾಗ ಆಕೃತಿಯ ವಿಸ್ತೀರ್ಣ ಇಮ್ಮಡಿಯಾಗುತ್ತದೆ, ತಿರುಗಿಸಿದಾಗ ಬದಲಾಗುವುದಿಲ್ಲ. ಯಾವುದು ಮೊದಲಾದರೂ ಕೊನೆಗೆ ಇಮ್ಮಡಿಯೇ. ಇದು ಲೆಕ್ಕ ತಾಳೆ ನೋಡಲು ಉಪಯೋಗಕ್ಕೆ ಬರುತ್ತದೆ: AB, BAಗಳ ನಿರ್ಧಾರಕಗಳು ಬೇರೆ ಬೇರೆ ಬಂದರೆ ಎಲ್ಲೋ ಗುಣಿಸುವಾಗಲೋ ಕೂಡುವಾಗಲೋ ತಪ್ಪಾಗಿದೆಯೆಂದೇ ಅರ್ಥ.