ತೊಂಬತ್ತೊಂದು ಓಮ್‌ನ ಹಿಂದಿನ ಕಥೆ

ಹಳಿಯಾಳದ ಕೆಎಲ್ಎಸ್ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯ ಬೆಳಗಾವಿಯ ವಿಟಿಯು ಅಡಿಯಲ್ಲಿದೆ. ಅಲ್ಲಿಯೂ ವಿಟಿಯುವಿನ ಬೇರೆ ಕಾಲೇಜುಗಳಲ್ಲೂ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ಹಿಡಿದ ಮಕ್ಕಳು ನೆಟ್‌ವರ್ಕ್ ಪಾಠದಲ್ಲಿ ಒಂದು ಚಿತ್ರವನ್ನು ಎದುರಿಸಲೇಬೇಕು. ಆ ಸರ್ಕ್ಯೂಟಿನಲ್ಲಿ ಒಂದು ಸೋರ್ಸ್‌ಗೆ ವೃತ್ತದ ಬದಲು ವಜ್ರದ ಆಕಾರ ಬರೆದಿರುತ್ತಾರೆ. ಅದೇ ಡಿಪೆಂಡೆಂಟ್ ಸೋರ್ಸ್. ಅದುವರೆಗೆ ಥೆವೆನಿನ್ ಪ್ರಮೇಯದ ಲೆಕ್ಕವನ್ನು ಸಲೀಸಾಗಿ ಮಾಡುತ್ತಿದ್ದ ಕೈ ಇಲ್ಲಿಗೆ ಬಂದು ನಿಲ್ಲುತ್ತದೆ.

ಪ್ರಮೇಯ ಹೇಳುವುದು ಸರಳ. ಎಷ್ಟೇ ಗೋಜಲಿನ ಲೀನಿಯರ್ ಸರ್ಕ್ಯೂಟ್ ಇರಲಿ, ಅದರಿಂದ ಹೊರಬಂದ ಎರಡು ತಂತಿಗಳ ಕಡೆಯಿಂದ ನೋಡಿದರೆ ಅದು ಒಂದು ಬ್ಯಾಟರಿ, ಅದರ ಹಿಂದೆ ಒಂದು ರೋಧ, ಅಷ್ಟೆ. ಸಂಜೆ ಹೊತ್ತು ಊರಿನ ಪಂಪ್‌ಸೆಟ್‌ಗಳೆಲ್ಲ ಶುರುವಾದಾಗ ಮನೆಯ ಬಲ್ಬು ಮಂಕಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕರೆಂಟ್ ಎಳೆದಷ್ಟೂ ಆ ಒಳಗಿನ ರೋಧದಲ್ಲಿ ವೋಲ್ಟೇಜ್ ಕರಗುತ್ತದೆ.

ಈ ವಿಚಾರ ಮೊದಲು ಹೊಳೆದದ್ದು ವಿದ್ಯುತ್ ಎಂಜಿನಿಯರಿಗಲ್ಲ. 1853ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಪ್ರಾಣಿಗಳ ದೇಹದಲ್ಲಿ ಹುಟ್ಟುವ ವಿದ್ಯುತ್ತನ್ನು ಅಳೆಯುವ ಪ್ರಶ್ನೆ ಹಿಡಿದು ಹೊರಟು ಇಲ್ಲಿಗೆ ಬಂದಿದ್ದರು. ಅದು ಎಂಜಿನಿಯರುಗಳ ಕಣ್ಣಿಗೆ ಬೀಳಲಿಲ್ಲ. ಮೂವತ್ತು ವರ್ಷ ಕಳೆದು, 1883ರಲ್ಲಿ, ಫ್ರಾನ್ಸಿನ ಟೆಲಿಗ್ರಾಫ್ ಇಲಾಖೆಯ ಲಿಯೋನ್ ಶಾರ್ಲ್ ಥೆವೆನಿನ್ ತನ್ನಷ್ಟಕ್ಕೆ ಅದನ್ನೇ ಕಂಡುಕೊಂಡು ಪ್ರಕಟಿಸಿದರು. ಹೆಸರು ಅವರಿಗೇ ಉಳಿಯಿತು. 1926ರಲ್ಲಿ ಇದೇ ಮಾತಿನ ಇನ್ನೊಂದು ಮಗ್ಗುಲು ಎರಡು ಕಡೆ ಹೊರಬಂತು: ಜರ್ಮನಿಯ ಸೀಮೆನ್ಸ್ ಕಂಪನಿಯಲ್ಲಿ ಹಾನ್ಸ್ ಫರ್ಡಿನಾಂಡ್ ಮೇಯರ್ ಲೇಖನ ಬರೆದು ಅಚ್ಚು ಹಾಕಿಸಿದರು, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಎಡ್ವರ್ಡ್ ನಾರ್ಟನ್ ಕಚೇರಿಯ ಒಳಟಿಪ್ಪಣಿಯೊಂದರಲ್ಲಿ ಬರೆದಿಟ್ಟರು. ಬ್ಯಾಟರಿಯ ಬದಲು ಕರೆಂಟ್ ಸೋರ್ಸ್ ಇಟ್ಟು, ರೋಧವನ್ನು ಅದಕ್ಕೆ ಸಮಾಂತರವಾಗಿ ಜೋಡಿಸಿದರೂ ಫಲ ಒಂದೇ ಎಂಬುದು ಆ ಮಗ್ಗುಲು. ಇಲ್ಲಿ ನ್ಯಾಯ ಅಷ್ಟಾಗಿ ಸಿಗಲಿಲ್ಲ. ಅಚ್ಚು ಹಾಕಿಸಿದವರನ್ನು ಬಿಟ್ಟು ಟಿಪ್ಪಣಿ ಬರೆದವರ ಹೆಸರೇ ಪಠ್ಯಪುಸ್ತಕ ಸೇರಿತು.

ಥೆವೆನಿನ್ ಕಾಲದಲ್ಲಿ ರೋಧ ಹುಡುಕುವ ದಾರಿ ಸುಲಭವಿತ್ತು. ಒಳಗಿನ ಬ್ಯಾಟರಿಗಳನ್ನೆಲ್ಲ ತೆಗೆದು ಆ ಜಾಗದಲ್ಲಿ ತಂತಿ ಬೆಸೆದು, ಉಳಿದ ರೋಧಗಳನ್ನು ಕೂಡಿಸಿದರೆ ಮುಗಿಯಿತು. ಆಗ ವಜ್ರದ ಆಕಾರ ಬೇಕಾಗಿರಲೇ ಇಲ್ಲ, ಏಕೆಂದರೆ ಆಂಪ್ಲಿಫೈಯರೇ ಇರಲಿಲ್ಲ. 1906ರಲ್ಲಿ ಲೀ ಡಿ ಫಾರೆಸ್ಟ್ ಮೂರು ಎಲೆಕ್ಟ್ರೋಡಿನ ನಿರ್ವಾತ ನಳಿಗೆ ತಂದ ಮೇಲೆ, ಒಂದು ಕಡೆಯ ಸಣ್ಣ ವೋಲ್ಟೇಜು ಇನ್ನೊಂದು ಕಡೆಯ ದೊಡ್ಡ ಕರೆಂಟನ್ನು ಆಳುವ ಸಾಧನ ಬಂತು. 1947ರ ಡಿಸೆಂಬರ್‌ನಲ್ಲಿ ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇವನ್ನು ಲೆಕ್ಕಕ್ಕೆ ತರಲು, ತನ್ನ ಬೆಲೆ ತಾನೇ ನಿರ್ಧರಿಸದ ಸೋರ್ಸ್ ಬೇಕಾಯಿತು. ಮೇಲಿನ ಟ್ಯಾಂಕಿನ ನೀರಿನ ಮಟ್ಟ ನೋಡಿ ಕೆಳಗಿನ ಬಾವಿಯ ಪಂಪು ಓಡುವ ಹಾಗೆ, ಅದು ಸರ್ಕ್ಯೂಟಿನ ಇನ್ನೊಂದು ಮೂಲೆಯ ಕರೆಂಟನ್ನೋ ವೋಲ್ಟೇಜನ್ನೋ ನೋಡಿ ನಡೆಯುತ್ತದೆ.

ಹಾಗಾಗಿಯೇ ಅದನ್ನು ಬ್ಯಾಟರಿಯಂತೆ ಕಿತ್ತು ಬದಿಗಿಡುವಂತಿಲ್ಲ. ಹೊರಗಿನಿಂದ ಯಾರಾದರೂ ಆ ಎರಡು ತಂತಿಗಳನ್ನು ಮುಟ್ಟಿದರೆ ಒಳಗಿನ ಕರೆಂಟ್ ಬದಲಾಗುತ್ತದೆ, ಅದನ್ನು ನೋಡಿ ಈ ಸೋರ್ಸ್ ಕೂಡ ಬದಲಾಗುತ್ತದೆ. ಆ ಪ್ರತಿಕ್ರಿಯೆಯೂ ಒಳರೋಧದ ಪಾಲೇ. ಇದಕ್ಕೆ ಪರಿಹಾರ ಥೆವೆನಿನ್ನರನ್ನೂ ನಾರ್ಟನ್ನರನ್ನೂ ಒಟ್ಟಿಗೆ ಕೂರಿಸುವುದು. ತಂತಿಗಳನ್ನು ತೆರೆದಿಟ್ಟಾಗ ಸಿಗುವ ವೋಲ್ಟೇಜ್ ಮೊದಲನೆಯವರದು, ಅವನ್ನು ಶಾರ್ಟ್ ಮಾಡಿದಾಗ ಹರಿಯುವ ಕರೆಂಟ್ ಎರಡನೆಯವರದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಳರೋಧ. ಯಾವ ಸೋರ್ಸನ್ನೂ ಮುಟ್ಟಬೇಕಾಗಿಲ್ಲ.

ಲ್ಯಾಬಿನಲ್ಲಿ ಎಲ್ಲರೂ ಕಟ್ಟುವ ಎಮಿಟರ್ ಫಾಲೋವರನ್ನೇ ತೆಗೆದುಕೊಳ್ಳೋಣ. ಒಳಬರುವ ಸಿಗ್ನಲ್ 10 ಮಿಲಿವೋಲ್ಟ್, ಅದರ ಹಾದಿಯಲ್ಲಿ 9 ಕಿಲೋಓಮ್. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ 1 ಕಿಲೋಓಮ್, ಎಮಿಟರ್‌ನಿಂದ ನೆಲಕ್ಕೆ ಇನ್ನೊಂದು 1 ಕಿಲೋಓಮ್. ಬೇಸ್‌ನಲ್ಲಿ 1 ಪಾಲು ಕರೆಂಟ್ ಹೋದರೆ ಕಲೆಕ್ಟರ್‌ನಲ್ಲಿ 99 ಪಾಲು, ಎರಡೂ ಸೇರಿ ಎಮಿಟರ್‌ನಲ್ಲಿ 100 ಪಾಲು. ಆ 99 ಪಾಲಿನದೇ ವಜ್ರದ ಚಿಹ್ನೆ.

ಮೊದಲು ಔಟ್‌ಪುಟ್ ತೆರೆದಿಡಿ. ಎಮಿಟರಿನ 1 ಕಿಲೋಓಮ್‌ನಲ್ಲಿ ನೂರು ಪಟ್ಟು ಕರೆಂಟ್ ಹರಿಯುವುದರಿಂದ ಬೇಸ್ ಕಡೆಯಿಂದ ಅದು 100 ಕಿಲೋಓಮ್‌ನಂತೆ ಕಾಣುತ್ತದೆ. ಹಾದಿಯ 9, ಬೇಸ್-ಎಮಿಟರ್ ನಡುವಿನ 1, ಹೀಗೆ 10 ಕಿಲೋಓಮ್ ಸೇರಿ ಒಟ್ಟು 110. ಬೇಸ್ ಕರೆಂಟ್ 0.0909 ಮೈಕ್ರೋಆಂಪಿಯರ್, ಔಟ್‌ಪುಟ್ ವೋಲ್ಟೇಜ್ 9.09 ಮಿಲಿವೋಲ್ಟ್.

ಈಗ ಔಟ್‌ಪುಟ್ ಶಾರ್ಟ್ ಮಾಡಿ. ಎಮಿಟರ್ ನೆಲಕ್ಕಿಳಿಯಿತು, ಅದರ ರೋಧದಲ್ಲಿ ಏನೂ ಹರಿಯದು. 10 ಮಿಲಿವೋಲ್ಟ್ ಪೂರ್ತಿ 10 ಕಿಲೋಓಮ್ ಮೇಲೆ ಬೀಳುತ್ತದೆ, ಬೇಸ್ ಕರೆಂಟ್ ಒಮ್ಮೆಲೇ 1 ಮೈಕ್ರೋಆಂಪಿಯರ್‌ಗೆ ಏರುತ್ತದೆ. ಅದರ ನೂರು ಪಟ್ಟು, ಅಂದರೆ 100 ಮೈಕ್ರೋಆಂಪಿಯರ್, ಶಾರ್ಟ್‌ನಲ್ಲಿ ಹರಿಯುತ್ತದೆ. ಭಾಗಿಸಿದರೆ ಉತ್ತರ 90.9 ಓಮ್.

ತಪ್ಪುವವರು ಸಾಮಾನ್ಯವಾಗಿ ಎರಡು ಜಾಗದಲ್ಲಿ ತಪ್ಪುತ್ತಾರೆ. ಹಳೆಯ ಅಭ್ಯಾಸದಂತೆ ವಜ್ರವನ್ನೂ ಕಿತ್ತವರಿಗೆ 1 ಕಿಲೋಓಮ್ ಮತ್ತು 10 ಕಿಲೋಓಮ್ ಸಮಾಂತರವಾಗಿ ಕಂಡು 909 ಓಮ್ ಬರುತ್ತದೆ. ಸರಿಯುತ್ತರದ ಅಂಕಿಗಳೇ, ಆದರೆ ಹತ್ತು ಪಟ್ಟು ಹೆಚ್ಚು. ದಶಾಂಶ ಚುಕ್ಕಿ ಎಲ್ಲೋ ಜಾರಿತೆಂದು ಹುಡುಗರು ಅದನ್ನು ಹುಡುಕುತ್ತ ಕೂರುತ್ತಾರೆ. ಎರಡನೆಯದು ಇನ್ನೂ ಮೋಸದ್ದು: ತೆರೆದ ಸರ್ಕ್ಯೂಟಿನಲ್ಲಿ ಸಿಕ್ಕ ಬೇಸ್ ಕರೆಂಟನ್ನೇ ಶಾರ್ಟ್ ಲೆಕ್ಕಕ್ಕೂ ಎತ್ತಿಕೊಳ್ಳುವುದು. ಆಗ ಉತ್ತರ ಸರಿಯಾಗಿ 1000 ಓಮ್ ಬರುತ್ತದೆ. ಇಷ್ಟು ಅಂದದ ಸಂಖ್ಯೆಯನ್ನು ಯಾರು ತಾನೆ ಅನುಮಾನಿಸಿಯಾರು? ಎರಡೂ ಸ್ಥಿತಿಯಲ್ಲಿ ವಜ್ರ ನೋಡುತ್ತಿರುವ ಕರೆಂಟನ್ನು ಹೊಸದಾಗಿ ಕಂಡುಹಿಡಿಯಬೇಕು. ಇಲ್ಲಿ ಅದು ಹನ್ನೊಂದು ಪಟ್ಟು ಬದಲಾಗಿತ್ತು.

ಈ ದಾರಿ ಕೆಲಸ ಮಾಡದ ಸಂದರ್ಭವೂ ಉಂಟು. ಸರ್ಕ್ಯೂಟಿನಲ್ಲಿ ವಜ್ರ ಮಾತ್ರ ಇದ್ದು ಸ್ವತಂತ್ರ ಸೋರ್ಸ್ ಒಂದೂ ಇಲ್ಲದಿದ್ದರೆ ವೋಲ್ಟೇಜೂ ಸೊನ್ನೆ, ಕರೆಂಟೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಏನೂ ತಿಳಿಯದು. ಆಗ ಹೊರಗಿನಿಂದ 1 ವೋಲ್ಟ್ ಕೊಟ್ಟು ಎಷ್ಟು ಕರೆಂಟ್ ಒಳಹೋಗುತ್ತದೆಂದು ನೋಡಬೇಕು. ನಮ್ಮ ಫಾಲೋವರಿನ ಸಿಗ್ನಲ್ ತೆಗೆದು ಹಾಗೆ ಮಾಡಿದರೆ ಎಮಿಟರ್ ರೋಧಕ್ಕೆ 1 ಮಿಲಿಆಂಪಿಯರ್, ಟ್ರಾನ್ಸಿಸ್ಟರಿಗೆ 10 ಮಿಲಿಆಂಪಿಯರ್. 1 ವೋಲ್ಟನ್ನು 11 ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಮತ್ತೆ 90.9 ಓಮ್.

ಇದು ಕಾಗದದ ಮೇಲಿನ ಮಾತು. ಬೇಸ್-ಎಮಿಟರ್ ನಡುವೆ 1 ಕಿಲೋಓಮ್ ಇರಬೇಕಾದರೆ ಈ ಟ್ರಾನ್ಸಿಸ್ಟರಿನಲ್ಲಿ ಸುಮಾರು 2.5 ಮಿಲಿಆಂಪಿಯರ್ ಡಿಸಿ ಹರಿಯುತ್ತಿರಬೇಕು. 10 ಮಿಲಿವೋಲ್ಟ್ ಬದಲು 1 ವೋಲ್ಟ್ ಸಿಗ್ನಲ್ ಕೊಟ್ಟು ಶಾರ್ಟ್ ಮಾಡಿದರೆ ಲೆಕ್ಕದ ಪ್ರಕಾರ 10 ಮಿಲಿಆಂಪಿಯರ್ ಬೇಕು. ಅಲೆಯ ಒಂದು ಅರ್ಧದಲ್ಲಿ ಟ್ರಾನ್ಸಿಸ್ಟರ್ ಪೂರ್ತಿ ಆರಿಹೋಗುತ್ತದೆ. ಬರಿಯ ತಂತಿಯಿಂದ ಶಾರ್ಟ್ ಮಾಡಿದರಂತೂ ಡಿಸಿ ಸ್ಥಿತಿಯೇ ಕೆಡುತ್ತದೆ.

ಅದಕ್ಕೇ ಬೆಂಚಿನ ಮೇಲೆ ಯಾರೂ ಶಾರ್ಟ್ ಮಾಡುವುದಿಲ್ಲ. 1 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟು, ಔಟ್‌ಪುಟ್‌ನಿಂದ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಒಂದು ರೆಸಿಸ್ಟರ್ ಜೋಡಿಸಿ, ವೋಲ್ಟೇಜ್ ಅರ್ಧಕ್ಕಿಳಿಯುವ ತನಕ ಅದನ್ನು ಬದಲಿಸುತ್ತಾರೆ. ಅರ್ಧಕ್ಕಿಳಿದಾಗ ಹೊರಗಿನ ರೋಧವೂ ಒಳಗಿನದೂ ಒಂದೇ. ಈ ಫಾಲೋವರಿಗೆ ಬೇಕಾಗುವ 91 ಓಮ್ ಎಲೆಕ್ಟ್ರಾನಿಕ್ಸ್ ಅಂಗಡಿಯ ಮಾಮೂಲಿ ಮೌಲ್ಯಗಳಲ್ಲೊಂದು: ಬಿಳಿ, ಕಂದು, ಕಪ್ಪು ಪಟ್ಟಿ ನೋಡಿ ಕೇಳಿದರೆ ಕೊಡುತ್ತಾರೆ.