ನೀರು ಏರುತ್ತದೋ, ಇಳಿಯುತ್ತದೋ?

ಸಣ್ಣ ಕೊಳದಲ್ಲಿ ದೋಣಿ, ದೋಣಿಯಲ್ಲೊಂದು ಬಂಡೆ. ಅದನ್ನು ನೀರಿಗೆ ಹಾಕಿದರೆ ಕೊಳದ ಮಟ್ಟ ಏರುತ್ತದೋ, ಇಳಿಯುತ್ತದೋ, ಹಾಗೇ ಇರುತ್ತದೋ? ಸ್ಲೈಡ್‌ನಲ್ಲಿ ಇಷ್ಟೇ ಸಾಕು, ತರಗತಿ ಮಾತಿಗಿಳಿಯುತ್ತದೆ.

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಬೋಧನಾ ವಿಧಾನ ಇಂಥ ಪ್ರಶ್ನೆಗಳನ್ನೇ ನೆಚ್ಚಿಕೊಂಡಿದೆ. ಮೊದಲು ಪ್ರತಿಯೊಬ್ಬರೂ ಒಬ್ಬರೇ ಯೋಚಿಸಿ ಉತ್ತರ ಆರಿಸುತ್ತಾರೆ. ಸುಮಾರು ಶೇ. 30ರಿಂದ 70ರಷ್ಟು ಮಂದಿ ಸರಿಯಾಗಿ ಹೇಳಿದ್ದರೆ ಚರ್ಚೆ: ಪಕ್ಕದವರಿಗೆ ಕಾರಣ ವಿವರಿಸಿ ಒಪ್ಪಿಸಬೇಕು, ಆಮೇಲೆ ಮತ್ತೆ ಮತ. ಅದಕ್ಕಿಂತ ಕಡಿಮೆಯಾದರೆ ಪಾಠವನ್ನೇ ಇನ್ನೊಮ್ಮೆ ಹೇಳಬೇಕು. ಮೊದಲ ಮತದ ಲೆಕ್ಕ ತೋರಿಸದಿರುವುದು ಒಳ್ಳೆಯದು. ತೋರಿಸಿದರೆ ಹಲವರು ಬಹುಮತದತ್ತ ವಾಲುತ್ತಾರೆ.

ಅಂದಹಾಗೆ, ಮಟ್ಟ ಇಳಿಯುತ್ತದೆ. ದೋಣಿಯಲ್ಲಿದ್ದಾಗ ಬಂಡೆ ತನ್ನ ತೂಕದಷ್ಟು ನೀರನ್ನು ಸರಿಸುತ್ತದೆ. ಮುಳುಗಿದಾಗ ಗಾತ್ರದಷ್ಟನ್ನು ಮಾತ್ರ.

ಸರಿಯುತ್ತರವಿಲ್ಲದ ವಿಷಯಗಳಲ್ಲಿ ಕೆಲಸ ಕಷ್ಟ. ‘ಮೊಬೈಲ್ ಮಕ್ಕಳನ್ನು ಹಾಳುಮಾಡಿದೆ, ಒಪ್ಪುತ್ತೀರಾ?’ ಎಂಬ ಸ್ಲೈಡ್ ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತದೆ. ಜನ ಪಕ್ಷ ಹಿಡಿಯುತ್ತಾರೆ, ಕಾರಣ ಹುಡುಕುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಎಂಟನೇ ತರಗತಿಯ ಹುಡುಗಿಗೆ ಹೋಂವರ್ಕ್ ಬರುವುದೇ ವಾಟ್ಸ್ಆ್ಯಪ್‌ನಲ್ಲಿ. ರಾತ್ರಿ ಒಂಬತ್ತರ ನಂತರ ಫೋನ್ ಯಾರ ಬಳಿ ಇರಬೇಕು? ಯಾವ ವಿಷಯ ಗೊತ್ತಾದರೆ ನಿಮ್ಮ ಉತ್ತರ ಬದಲಾಗುತ್ತದೆ?’ ಈ ಕೊನೆಯ ಪ್ರಶ್ನೆಗೆ ಬರೀ ಹೌದು, ಇಲ್ಲ ಎಂದು ಉತ್ತರಿಸಲು ಬರುವುದಿಲ್ಲ.