ಎಚ್‌ಓಡಿ ಬರೆದ ಪತ್ರ, ಐಟಿ ವಿಭಾಗದ ಪ್ರಶ್ನೆಗಳು

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ವಿಭಾಗದ ಉಪನ್ಯಾಸಗಳನ್ನು ರೆಕಾರ್ಡ್ ಮಾಡಿ ವಿದ್ಯಾರ್ಥಿಗಳಿಗೆ ಒದಗಿಸಲು ಉತ್ತಮವಾದ ಲೈಸೆನ್ಸ್ ಸಾಫ್ಟ್‌ವೇರ್ ಒಂದರ ಅಗತ್ಯವಿದ್ದು, ಅನುಮೋದನೆ ನೀಡಬೇಕೆಂದು ಕೋರುತ್ತೇನೆ." ಕೆಳಗೆ ವಿಭಾಗ ಮುಖ್ಯಸ್ಥರ ಸಹಿ, ಮೊಹರು. ಮೇಲೆ 'ಪ್ರಾಂಶುಪಾಲರ ಮೂಲಕ' ಎಂಬ ಸಾಲು. ಕಾಲೇಜುಗಳ ಐಟಿ ವಿಭಾಗಕ್ಕೆ ಹೋಗುವ ಇಂಥ ಪತ್ರ ವಿನಯದಲ್ಲಾಗಲಿ ನಮೂನೆಯಲ್ಲಾಗಲಿ ಏನೂ ಕಡಿಮೆ ಇರುವುದಿಲ್ಲ. ಆದರೂ ಕೆಲವು ದಿನ ಕಳೆದು, ಅಂಚಿನಲ್ಲಿ 'ವಿವರ ಸಾಲದು' ಎಂಬ ಟಿಪ್ಪಣಿ ಹೊತ್ತು ವಾಪಸ್ ಬರುತ್ತದೆ.

ಎಚ್‌ಓಡಿಗೆ ಇದು ಕಚೇರಿಯ ಕಿರಿಕಿರಿ ಅನ್ನಿಸುತ್ತದೆ. ನನಗೇನೋ ಈ ವಿಷಯದಲ್ಲಿ ಐಟಿಯವರದೇ ಸರಿ ಅನ್ನಿಸುತ್ತದೆ. ಆ ಪತ್ರಕ್ಕೆ ಹೂಂ ಅಂದ ದಿನದಿಂದ ನವೀಕರಣದ ಬಿಲ್ಲು, ತುಂಬಿ ಹೋದ ಡಿಸ್ಕು, ತೆರೆಯದ ಫೈಲು ಎಲ್ಲವೂ ಅವರ ತಲೆಗೇ ಬರುತ್ತವೆ. ಎಚ್‌ಓಡಿ ಕೇಳುತ್ತಿರುವುದು ಒಂದು ಸಾಫ್ಟ್‌ವೇರ್. ಐಟಿಯವರು ಓದುತ್ತಿರುವುದು ವರ್ಷಗಟ್ಟಲೆ ಹೊರಬೇಕಾದ ಜವಾಬ್ದಾರಿಯನ್ನು. ಈ ಎರಡರ ನಡುವಿನ ಅಂತರ ತುಂಬುವ ಪತ್ರ ಹೇಗಿರಬೇಕು ಎಂದು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ.

ಒಂದು ಪದವಿ ಕಾಲೇಜಿನ ಭೌತಶಾಸ್ತ್ರ ವಿಭಾಗ. ಪಾಠ ಮಾಡುವವರು 9 ಮಂದಿ. ಅವರಲ್ಲಿ 4 ಜನ ಕಾಯಂ, 5 ಜನ ಅತಿಥಿ ಉಪನ್ಯಾಸಕರು. ಪ್ರೊಜೆಕ್ಟರ್ ಇರುವ ಕೊಠಡಿಗಳು ಎರಡು. ಸ್ಟಾಫ್ ರೂಮಿನಲ್ಲಿ ಒಂದು ಕಂಪ್ಯೂಟರ್.

ಐಟಿಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಓಬಿಎಸ್ ಇದೆಯಲ್ಲ ಸರ್, ಅದು ಫ್ರೀ." ಮಾತು ನಿಜ. ಓಬಿಎಸ್ ಸ್ಟುಡಿಯೊ ಮುಕ್ತ ತಂತ್ರಾಂಶ. ಪರದೆ, ಕ್ಯಾಮೆರಾ, ಮೈಕು ಮೂರನ್ನೂ ಒಟ್ಟಿಗೆ ಚೆನ್ನಾಗಿಯೇ ರೆಕಾರ್ಡ್ ಮಾಡುತ್ತದೆ, ಸಮಯದ ಮಿತಿ ಇಲ್ಲ, ವಿಡಿಯೊ ಮೇಲೆ ಕಂಪನಿಯ ಮುದ್ರೆ ಬೀಳುವುದಿಲ್ಲ. ಬರೀ ರೆಕಾರ್ಡಿಂಗ್ ಸಾಕು ಎನ್ನುವ ವಿಭಾಗ ದುಡ್ಡು ಕೊಟ್ಟು ಬೇರೆಯದನ್ನು ಕೊಳ್ಳಬೇಕಿಲ್ಲ, ಮತ್ತು ಪತ್ರದಲ್ಲಿ ಇದನ್ನು ಮುಚ್ಚಿಡುವುದೂ ತರವಲ್ಲ. ಆದರೆ ಓಬಿಎಸ್‌ನಲ್ಲಿ ಎಡಿಟಿಂಗ್ ಇಲ್ಲ. ಮೊದಲ ಐದು ನಿಮಿಷದ ಹಾಜರಿ ಕತ್ತರಿಸಬೇಕು, ತಪ್ಪಿದ ಸಮೀಕರಣದ ಭಾಗ ತೆಗೆಯಬೇಕು, ಕಿವಿ ಕೇಳದ ವಿದ್ಯಾರ್ಥಿಗೆ ಅಡಿಬರಹ ಹಾಕಬೇಕು ಎಂದಾಗ ಇನ್ನೊಂದು ತಂತ್ರಾಂಶ ಹುಡುಕಬೇಕು. ಅದರಲ್ಲಿ ಬರುವ 'ಸೀನ್', 'ಸೋರ್ಸ್' ಎಂಬ ಜೋಡಣೆಯೂ ಗಂಟೆ ಹೊಡೆದ ಮೇಲೆ ಓಡಿಬಂದು ತರಗತಿ ಶುರು ಮಾಡುವ ಉಪನ್ಯಾಸಕರಿಗೆ ಸುಲಭದ್ದಲ್ಲ. ಹಾಗಾಗಿ ಲೈಸೆನ್ಸ್ ಬೇಕಿರುವುದು ರೆಕಾರ್ಡಿಂಗಿಗಲ್ಲ, ಆಮೇಲಿನ ಕೆಲಸಕ್ಕೆ. ಪತ್ರ ಇದನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಇನ್ನೊಂದು ದಾರಿಯೂ ಕಾಲೇಜುಗಳಲ್ಲಿ ಇದೆ, ಅದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ: ಪೆನ್‌ಡ್ರೈವಿನಲ್ಲಿ ತಂದ ಕ್ರ್ಯಾಕ್ ಆವೃತ್ತಿ. ಕೃತಿಸ್ವಾಮ್ಯ ಕಾಯ್ದೆ, 1957ರ 63ಬಿ ಕಲಂ ಕಳ್ಳ ಪ್ರತಿ ಎಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆಮನೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಲಾಭದ ಉದ್ದೇಶ ಇಲ್ಲದಿದ್ದರೆ ನ್ಯಾಯಾಲಯ ದಂಡಕ್ಕಷ್ಟೇ ಬಿಡಬಹುದು. ಐಟಿಯವರಿಗೆ ಇದಕ್ಕಿಂತ ಹೆಚ್ಚಿನ ಹೆದರಿಕೆ, ಕ್ರ್ಯಾಕ್ ಹಾಕಲು ಆಂಟಿವೈರಸ್ ಬಂದ್ ಮಾಡಿಸಿದ ಕೈಗಳದು.

ಲೈಸೆನ್ಸ್ ಎಷ್ಟು ಬೇಕು ಎಂಬುದು ಎರಡನೆಯ ಪ್ರಶ್ನೆ. ಎಚ್‌ಓಡಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಪಾಠ ಮಾಡುವವರು 9 ಮಂದಿ ಇದ್ದಾರೆಂದು 9 ಲೈಸೆನ್ಸ್ ಕೇಳುತ್ತಾರೆ. ಲೈಸೆನ್ಸುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವ್ಯಕ್ತಿಗೆ ಕೊಡುವುದು: ಅವರ ಇಮೇಲ್‌ನಿಂದ ಲಾಗಿನ್ ಆಗಬೇಕು. ಇನ್ನೊಂದು ಯಂತ್ರಕ್ಕೆ ಕೊಡುವುದು: ಆ ಕಂಪ್ಯೂಟರಿನ ಮುಂದೆ ಯಾರು ಕುಳಿತರೂ ನಡೆಯುತ್ತದೆ. ನಮ್ಮ ವಿಭಾಗದಲ್ಲಿ ಒಂದೇ ಹೊತ್ತಿಗೆ ರೆಕಾರ್ಡಿಂಗ್ ನಡೆಯಲು ಸಾಧ್ಯವಿರುವುದು ಎರಡೇ ಕೊಠಡಿಗಳಲ್ಲಿ. ಎಡಿಟಿಂಗಿಗೆ ಸ್ಟಾಫ್ ರೂಮಿನ ಯಂತ್ರ. ಅಲ್ಲಿಗೆ ಯಂತ್ರದ ಲೆಕ್ಕದಲ್ಲಿ 3 ಸಾಕು. ವ್ಯಕ್ತಿಯ ಲೆಕ್ಕದಲ್ಲಿ ಹೋದರೆ ಅತಿಥಿ ಉಪನ್ಯಾಸಕರ ಕಷ್ಟ ಬೇರೆ. ಅವರಿಗೆ ಎಷ್ಟೋ ಕಡೆ ಕಾಲೇಜಿನ ಇಮೇಲ್ ಇರುವುದಿಲ್ಲ, ಮುಂದಿನ ವರ್ಷ ಇದೇ ಕಾಲೇಜಿಗೆ ಬರುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ಕಾಯಂ ಇರುವವರಿಗೆ ವರ್ಗಾವಣೆ. ಸ್ವಂತ ಜಿಮೇಲ್‌ನಿಂದ ಲೈಸೆನ್ಸ್ ಸಕ್ರಿಯ ಮಾಡಿಕೊಂಡ ಉಪನ್ಯಾಸಕರು ಬೇರೆ ಊರಿಗೆ ಹೋದಾಗ ಲೈಸೆನ್ಸೂ ಅವರ ಜೊತೆಗೇ ಹೊರಡುತ್ತದೆ. ಅದಕ್ಕೇ ಖಾತೆ ವಿಭಾಗದ ಹೆಸರಿನ ಇಮೇಲ್‌ಗೆ ಇರಬೇಕು.

ಮೂರನೆಯದು ತರಗತಿ ಕಂಪ್ಯೂಟರಿನ ಒಳಗಿನ ವಿಷಯ. ಇದು ಐಟಿಯವರಿಗೆ ಬಾಯಿಪಾಠ, ಎಚ್‌ಓಡಿಗೆ ಹೊಸದು. ಅನೇಕ ಕಾಲೇಜುಗಳ ಲ್ಯಾಬ್ ಮತ್ತು ತರಗತಿ ಯಂತ್ರಗಳಲ್ಲಿ ಡೀಪ್ ಫ್ರೀಜ್‌ನಂಥ ತಂತ್ರಾಂಶ ಇರುತ್ತದೆ. ಹುಡುಗರು ಏನೇ ಇನ್‌ಸ್ಟಾಲ್ ಮಾಡಲಿ, ಏನೇ ಅಳಿಸಲಿ, ಯಂತ್ರ ರೀಸ್ಟಾರ್ಟ್ ಆದೊಡನೆ ಎಲ್ಲವೂ ಮೊದಲಿದ್ದ ಹಾಗೆ. ಲ್ಯಾಬಿಗೆ ಇದು ವರ, ರೆಕಾರ್ಡಿಂಗಿಗೆ ಶಾಪ. ಉಪನ್ಯಾಸಕರು 50 ನಿಮಿಷ ಪಾಠ ಮಾಡಿ, ಫೈಲನ್ನು ಡೆಸ್ಕ್‌ಟಾಪಿಗೆ ಉಳಿಸಿ, ಯಂತ್ರ ಆರಿಸಿ ಹೋಗುತ್ತಾರೆ. ಮರುದಿನ ಬಂದು ಆನ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ. ಮರುಬಳಕೆ ಬುಟ್ಟಿಯಲ್ಲೂ ಇರುವುದಿಲ್ಲ. ಯಂತ್ರ 'ಫ್ರೀಜ್' ಆಗಿರುವಾಗಲೇ ಲೈಸೆನ್ಸ್ ಕೀ ಹಾಕಿದ್ದರೆ ಅದೂ ಹೋಗಿರುತ್ತದೆ. ಸಾಫ್ಟ್‌ವೇರ್ ಮತ್ತೆ ಟ್ರಯಲ್ ಆಗಿ ನಿಂತು, ವಿಡಿಯೊ ಮೇಲೆ ಕಂಪನಿಯ ಮುದ್ರೆ ಒತ್ತಲು ಶುರು ಮಾಡಬಹುದು. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ರಕ್ಷಣೆ ತೆಗೆದ ಸ್ಥಿತಿಯಲ್ಲಿ ಐಟಿಯವರೇ ಇನ್‌ಸ್ಟಾಲ್ ಮಾಡಿ ಕೀ ಹಾಕಬೇಕು, ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಬೇಕು, ರೆಕಾರ್ಡಿಂಗ್ ಉಳಿಯುವ ಜಾಗವನ್ನು ಫ್ರೀಜ್ ಮಾಡದ ಡಿ ಡ್ರೈವಿಗೆ ಗೊತ್ತುಪಡಿಸಬೇಕು. ಅಪ್‌ಡೇಟ್ ನಿಲ್ಲಿಸದಿದ್ದರೆ ಯಂತ್ರ ದಿನವೂ ಅದೇ ಅಪ್‌ಡೇಟನ್ನು ಹೊಸದಾಗಿ ಇಳಿಸಿಕೊಳ್ಳುತ್ತಾ ಕೂರುತ್ತದೆ.

ಕರೆಂಟಿನ ಮಾತು ಇಲ್ಲಿಯೇ ಬರಬೇಕು. ಸಾಮಾನ್ಯ `.mp4` ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಸೂಚಿ ಬರೆಯಲ್ಪಡುವುದು ರೆಕಾರ್ಡಿಂಗ್ ನಿಲ್ಲಿಸಿದಾಗ, ಕೊನೆಗೆ. ನಲವತ್ತನೇ ನಿಮಿಷದಲ್ಲಿ ಕರೆಂಟ್ ಹೋಗಿ ಯಂತ್ರ ಆರಿದರೆ ಡಿಸ್ಕಿನಲ್ಲಿ ನೂರಾರು ಎಂಬಿಯ ಫೈಲು ಬಿದ್ದಿರುತ್ತದೆ, ಪ್ಲೇಯರ್ ಮಾತ್ರ ತೆರೆಯಲೊಲ್ಲದು. ಗಾತ್ರ ದೊಡ್ಡದಿದ್ದೂ ಓಡದ ಫೈಲು ಕಂಡರೆ ಕಾರಣ ಬಹುಮಟ್ಟಿಗೆ ಇದೇ. `.mkv` ಮಾದರಿಯಲ್ಲಿ ಕರೆಂಟ್ ಹೋದ ಕ್ಷಣದವರೆಗಿನ ಪಾಠ ಉಳಿಯುತ್ತದೆ. ಓಬಿಎಸ್ ಬಳಸುವವರು ಅದರಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಗುಣಮಟ್ಟ ಕೆಡದಂತೆ `.mp4` ಮಾಡಿಕೊಳ್ಳುವುದು ಇದಕ್ಕೇ. ಲೈಸೆನ್ಸ್ ಸಾಫ್ಟ್‌ವೇರಿನ ಮಾರಾಟಗಾರ ಡೆಮೊಗೆ ಬಂದಾಗ ರೆಕಾರ್ಡಿಂಗ್ ನಡುವೆ ಡೆಸ್ಕ್‌ಟಾಪಿನ ಪ್ಲಗ್ ಕಿತ್ತು, ಮತ್ತೆ ಆನ್ ಮಾಡಿ ಏನು ಉಳಿದಿದೆ ನೋಡಬೇಕು. ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇನೆ ಎಂದರೆ ಒಪ್ಪಬಾರದು, ಅದಕ್ಕೆ ಬ್ಯಾಟರಿ ಇರುತ್ತದೆ.

ಜಾಗದ ಲೆಕ್ಕವನ್ನು ಎಚ್‌ಓಡಿಯೇ ಹಾಕಿ ಕೊಟ್ಟರೆ ಐಟಿಯವರಿಗೆ ಸಂತೋಷ. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ 50 ನಿಮಿಷದ ಪಾಠ ಸುಮಾರು 750 ಎಂಬಿ ಆಗುತ್ತದೆ. ಎರಡು ಕೊಠಡಿ, ದಿನಕ್ಕೆ ತಲಾ 3 ಪಾಠ, ವಾರಕ್ಕೆ 5 ದಿನ, 15 ವಾರದ ಸೆಮಿಸ್ಟರ್ ಎಂದರೆ 450 ಪಾಠ, ಹತ್ತಿರ ಹತ್ತಿರ 340 ಜಿಬಿ. ಪರದೆಯ ಮೇಲೆ ಸ್ಲೈಡು ಮಾತ್ರ ಇದ್ದರೆ ಇದರ ಅರ್ಧ ದರವೂ ನಡೆಯುತ್ತದೆ. ಕರಿಹಲಗೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದಾದರೆ ನಡೆಯದು, ಸೀಮೆಸುಣ್ಣದ ಅಕ್ಷರ ಮಸುಕಾಗುತ್ತದೆ.

ಕೊನೆಯದು ವಿದ್ಯಾರ್ಥಿಗಳದು, ಹೆಚ್ಚಿನ ಪತ್ರಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಹಾಜರಿ ಕೂಗುವ ಹೆಸರು, ಪ್ರಶ್ನೆ ಕೇಳಿದ ಹುಡುಗಿಯ ದನಿ, ಮೊದಲ ಬೆಂಚಿನ ಮುಖಗಳು ಎಲ್ಲವೂ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಪಿಯುಸಿ ಮುಗಿಸಿ ಬಂದ ಮೊದಲ ಸೆಮಿಸ್ಟರಿನ ತರಗತಿಯಲ್ಲಿ 17ರ ವಯಸ್ಸಿನವರು ಇದ್ದೇ ಇರುತ್ತಾರೆ. ಕ್ಯಾಮೆರಾವನ್ನು ಬೆಂಚುಗಳ ಕಡೆ ತಿರುಗಿಸದೆ, ಉಪನ್ಯಾಸಕರ ಕಾಲರ್ ಮೈಕಿನ ದನಿ ಮಾತ್ರ ಹಿಡಿದು, ಹಾಜರಿ ಮುಗಿದ ಮೇಲೆ ರೆಕಾರ್ಡಿಂಗ್ ಶುರು ಮಾಡಿದರೆ ಸಮಸ್ಯೆಯ ಬಹುಭಾಗ ಹುಟ್ಟುವುದೇ ಇಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಎಚ್‌ಓಡಿ ಮತ್ತೆ ಬರೆದರೆ ಪತ್ರ ಹೀಗಿರಬಹುದು:

"ವಿಷಯ: ಭೌತಶಾಸ್ತ್ರ ವಿಭಾಗದ ಉಪನ್ಯಾಸ ರೆಕಾರ್ಡಿಂಗ್ ಮತ್ತು ಎಡಿಟಿಂಗ್ ತಂತ್ರಾಂಶದ 3 ಯಂತ್ರ ಲೈಸೆನ್ಸ್‌ಗಳಿಗೆ ಅನುಮೋದನೆ ಕೋರಿ.

ಮಾನ್ಯರೇ, ಕೇವಲ ರೆಕಾರ್ಡಿಂಗ್‌ಗೆ ಉಚಿತ ತಂತ್ರಾಂಶ ಸಾಕಾಗುವುದೆಂದು ನಮಗೆ ತಿಳಿದಿದೆ. ಪಾಠಗಳನ್ನು ಕತ್ತರಿಸಿ ಅಡಿಬರಹ ಸೇರಿಸುವ ಕೆಲಸವನ್ನು ಎಲ್ಲ ಉಪನ್ಯಾಸಕರೂ ಒಂದೇ ತಂತ್ರಾಂಶದಲ್ಲಿ ಮಾಡಲು ಈ ಲೈಸೆನ್ಸ್ ಅಗತ್ಯವಿದೆ. ಎರಡು ತರಗತಿ ಯಂತ್ರ ಮತ್ತು ಸ್ಟಾಫ್ ರೂಮಿನ ಒಂದು ಯಂತ್ರದಲ್ಲಿ ಮಾತ್ರ ಬಳಸಲಾಗುವುದು. ಖಾತೆಯನ್ನು ವಿಭಾಗದ ಇಮೇಲ್‌ಗೆ ನೋಂದಾಯಿಸಲು ಕೋರುತ್ತೇವೆ. ಸೆಮಿಸ್ಟರ್‌ಗೆ ಸುಮಾರು 340 ಜಿಬಿ ಜಾಗ ಬೇಕಾಗುತ್ತದೆ. ಸರ್ವರ್‌ಗೆ ಅಪ್‌ಲೋಡ್ ಸಂಜೆ 6ರ ನಂತರ. ಫಲಿತಾಂಶ ಬಂದ ಮೇಲೆ ಆ ಸೆಮಿಸ್ಟರ್‌ನ ಕಚ್ಚಾ ಫೈಲುಗಳನ್ನು ವಿಭಾಗವೇ ಅಳಿಸುವುದು. ವಿದ್ಯಾರ್ಥಿಗಳ ಮುಖ ಮತ್ತು ಹಾಜರಿ ರೆಕಾರ್ಡ್ ಆಗುವುದಿಲ್ಲ. 18% ಜಿಎಸ್‌ಟಿ ಸೇರಿದ ದರಪಟ್ಟಿ ಲಗತ್ತಿಸಿದೆ. ಎರಡನೆಯ ವರ್ಷದ ನವೀಕರಣ ವೆಚ್ಚವನ್ನು ವಿಭಾಗದ ಅನುದಾನದಿಂದ ಭರಿಸಲಾಗುವುದು. ಲೈಸೆನ್ಸ್ ಅವಧಿ ತರಗತಿಗಳು ಆರಂಭವಾಗುವ ದಿನದಿಂದ ಶುರುವಾಗುವಂತೆ ಕೋರುತ್ತೇವೆ."

ಕೊನೆಯ ವಾಕ್ಯ ಅನುಭವಸ್ಥರದು. ಮಾರ್ಚ್ ಅಂತ್ಯಕ್ಕೆ ಅನುದಾನ ಮುಗಿಸಬೇಕೆಂದು ಅವಸರದಲ್ಲಿ ಕೊಂಡ ವಾರ್ಷಿಕ ಚಂದಾದಲ್ಲಿ ಪರೀಕ್ಷೆ, ರಜೆಗಳಿಗೇ ತಿಂಗಳುಗಟ್ಟಲೆ ಸೋರಿಹೋಗುತ್ತದೆ. ಚಂದಾ ಮುಗಿದ ಮೇಲೆ ಎಡಿಟರಿನ ಸ್ವಂತ ಮಾದರಿಯ ಪ್ರಾಜೆಕ್ಟ್ ಫೈಲುಗಳನ್ನು ತೆರೆಯಲಾಗದೆ ಹೋಗಬಹುದು. ಹಾಗಾಗಿ ಸಿದ್ಧವಾದ ಪ್ರತಿ ಪಾಠವನ್ನೂ ಅಂದಂದೇ `.mp4` ಆಗಿ ಹೊರತೆಗೆದು ಇಡಬೇಕು.

ಇಂಥ ಪತ್ರಕ್ಕೂ ಐಟಿ ವಿಭಾಗ ಪೂರ್ತಿ ಒಪ್ಪುತ್ತದೆ ಎಂದೇನಿಲ್ಲ. ತರಗತಿ ಯಂತ್ರಗಳಿಗೆ ಓಬಿಎಸ್ ಹಾಕಿಕೊಡುತ್ತೇವೆ, ಎಡಿಟಿಂಗ್ ಇರುವುದು ಸ್ಟಾಫ್ ರೂಮಿನಲ್ಲಿ ತಾನೇ, ಲೈಸೆನ್ಸ್ ಅಲ್ಲಿಗೆ ಒಂದೇ ಸಾಕು ಎಂದು ಬರೆಯಬಹುದು. ಲೆಕ್ಕ ನೋಡಿದರೆ ಆ ವಾದದಲ್ಲಿ ಹುರುಳಿದೆ. ಆಗ ಎಚ್‌ಓಡಿ ತೀರ್ಮಾನಿಸಬೇಕಾದದ್ದು ಇಷ್ಟೇ: ಓಬಿಎಸ್‌ನ ಸೀನು, ಮೈಕು ಎಲ್ಲವನ್ನೂ ಒಮ್ಮೆ ಜೋಡಿಸಿ ಕೊಟ್ಟರೆ 9 ಮಂದಿಯೂ ಕೆಂಪು ಗುಂಡಿ ಒತ್ತಿ ಪಾಠ ಶುರು ಮಾಡಬಲ್ಲರೇ? ಬಲ್ಲರು ಎಂದಾದರೆ ಪತ್ರದಲ್ಲಿ 3 ಎಂದಿರುವಲ್ಲಿ 1 ಎಂದು ತಿದ್ದಿ, ಹೊಸ ದರಪಟ್ಟಿ ಲಗತ್ತಿಸಿ ಕಳಿಸುವುದೇ ಸರಿ.